ಉಡಿಯಲ್ಲಿ ಬಂದ ಪೈಠಣಿ

ನನ್ನ ನೆಗೆಣ್ಣಿ ನೀಲಾಂಬಿಕಾ ಚೆಲುವೆ. ಅದನ್ನು ನಾನು ಒಪ್ಪುತ್ತೇನೆ. ಅವಳು ಕ್ಯಾಮೆರಾ ಎದುರು ನಕ್ಕರೆ ನೋಡುವವರಿಗೆ ತಮ್ಮ ಮನೆಮಗಳೇ ನಕ್ಕಂತಾಗುತ್ತದೆ. ಆ ನಗುವಿನ ಎದುರಿಗೆ ಫೋನ್ ಹಿಡಿದು ನಿಂತು ತೋಳು ನೋಯಿಸಿಕೊಂಡವಳು ಮಾತ್ರ ನಾನು, ಮಂಗಲಾ, ಈ ಮನೆಯ ಹಿರಿಯ ಸೊಸೆ. ಇಬ್ಬರೂ ಸೇರಿ ಒಂದು ಇನ್‌ಸ್ಟಾ ಪೇಜ್ ನಡೆಸುತ್ತಿದ್ದೆವು. ಈಗ ಒಬ್ಬರಿಗೊಬ್ಬರು ಉಪ್ಪು ಬೇಕಾದರೂ ಗಂಡಂದಿರ ಬಾಯಿಂದ ಕೇಳಿಸುತ್ತೇವೆ.

ನನ್ನ ಗಂಡ ಪರಮೇಶ್ವರನನ್ನು ಬ್ಯಾಂಕಿನವರು ನಾಸಿಕಕ್ಕೆ ವರ್ಗ ಮಾಡಿದಾಗ, ಅಲ್ಲೇ ಸಾತಪುರದ ಕಾರ್ಖಾನೆಯಲ್ಲಿದ್ದ ಮೈದುನ, ನೀಲಾಳ ಗಂಡ ಸದಾನಂದನ ಮನೆಯಲ್ಲೇ ನಾವೂ ಉಳಿದೆವು. ಪೇಜ್ ಶುರುವಾದದ್ದು ಅಲ್ಲಿ, ನೀಲಾ ರೊಟ್ಟಿ ಬಡಿಯುವುದನ್ನು ನಾನು ಸುಮ್ಮನೆ ಫೋನಿನಲ್ಲಿ ಹಿಡಿದ ದಿನ. ‘ನಾಸಿಕದಾಗ ನಮ್ಮೋರು’ ಅಂತ ಹೆಸರಿಟ್ಟೆವು. ಒಳ್ಳೆ ಜೋಳ ಎಲ್ಲಿ ಸಿಗುತ್ತದೆ, ಯಾವ ಡಾಕ್ಟರಿಗೆ ಕನ್ನಡ ಬರುತ್ತದೆ, ಲಾಸಲಗಾಂವದಿಂದ ಉಳ್ಳಾಗಡ್ಡಿ ತರಿಸುವುದು ಹೇಗೆ, ಇಂಥವೇ ಮಾತು. ನೋಡುವವರು ಬ್ಯಾಂಕಿನವರ ಹೆಂಡಿರು ಕೆಲವರಾದರೆ, ಕಟ್ಟಡದ ಕೆಲಸಕ್ಕೆ ವಿಜಾಪುರ, ಕಲಬುರಗಿ ಕಡೆಯಿಂದ ಬಂದ ಹೆಣ್ಣುಮಕ್ಕಳೇ ಹೆಚ್ಚು. ಅವರಲ್ಲಿ ಓದು ಬಾರದವರು ಬಹಳ. ಕಮೆಂಟ್ ಬರೆಯುವುದಿಲ್ಲ, ಧ್ವನಿ ಕಳಿಸುತ್ತಾರೆ: “ಅಕ್ಕಾರ, ಮಜ್ಜಿಗಿ ಮೆಣಸಿನಕಾಯಿದು ಇನ್ನೊಮ್ಮೆ ಹೇಳ್ರಿ.” ಹೇಳಿದರೆ ನಂಬುತ್ತಿದ್ದರು. ನಮ್ಮ ಆಸ್ತಿ ಅಂದರೆ ಅದೊಂದೇ.

ಅದಕ್ಕೇ ನಾನೊಂದು ಕಟ್ಟುನಿಟ್ಟು ಮಾಡಿದ್ದೆ. ಅಂಬಡದ ಹಿಟ್ಟಿನ ಗಿರಣಿಯವರು ಹಣ ಕೊಟ್ಟು ವಿಡಿಯೊ ಮಾಡಿಸಿದಾಗ ನೀಲಾಳ ಬಾಯಿಂದ ಮೊದಲ ಮಾತೇ ಇದನ್ನು ಹೇಳಿಸಿದೆ: “ಇದು ಜಾಹೀರಾತು ಐತ್ರಿ, ಗಿರಣಿಯವ್ರು ನಮಗ ರೊಕ್ಕ ಕೊಟ್ಟಾರ.” ಪರದೆಯ ಮೇಲೂ ಕನ್ನಡದಲ್ಲಿ ದಪ್ಪ ಅಕ್ಷರ ಹಾಕಿದೆ. ಹಣವಿರಲಿ, ಪುಕ್ಕಟೆ ಸಾಮಾನಿರಲಿ, ಪ್ರಯಾಣವಿರಲಿ, ತೆಗೆದುಕೊಂಡದ್ದನ್ನು ಹೇಳಬೇಕು. ಮಾತು ಯಾವ ಭಾಷೆಯಲ್ಲೋ ಆ ಭಾಷೆಯಲ್ಲೇ, ಮೂಲೆಯಲ್ಲಿ ಅಡಗಿಸದೆ ಹೇಳಬೇಕು ಅಂತ ಸರಕಾರದ ಗ್ರಾಹಕ ಇಲಾಖೆ ನಿಯಮ ಮಾಡಿದೆ. ದಂಡವೂ ಇದೆ. ಆದರೆ ನನಗೆ ದಂಡದ ಹೆದರಿಕೆಗಿಂತ ಆ ಹೆಣ್ಣುಮಕ್ಕಳ ಮುಖದ ಹೆದರಿಕೆ ಹೆಚ್ಚಿತ್ತು. ಹೇಳಿದ್ದರಿಂದ ಗಿರಣಿಗೆ ಗಿರಾಕಿ ಕಡಿಮೆಯಾಗಲಿಲ್ಲ. “ಖರೇ ಹೇಳಿದ್ರಿ” ಅಂತ ಇನ್ನಷ್ಟು ಜನ ಹೋದರು.

ಆಮೇಲೆ ಔರಂಗಾಬಾದ್ ಅಂತಿದ್ದ ಸಂಭಾಜಿನಗರದ ಮಧುಕರ ಸೇಠ ಫೋನ್ ಮಾಡಿದ. ಪೈಠಣಿ ಸೀರೆಯ ಅಂಗಡಿ. ಕನ್ನಡದ ಗಿರಾಕಿಗಳು ಬೇಕು, ಆದರೆ ನಿಮ್ಮ ಪೇಜ್ ತೀರಾ ಚಿಕ್ಕದಾಯಿತಲ್ಲ ಅಂದ. ನಾನು “ಚಿಕ್ಕದಾದರೂ ಎಲ್ಲರೂ ನಿಜವಾದವರು” ಅಂದೆ. ನೀಲಾ ಬಾಯಿ ಮುಚ್ಚಿಕೊಂಡು ಇದ್ದಳು. ಅವಳು ಬಾಯಿ ಮುಚ್ಚಿದರೆ ಏನೋ ಹುಳುಕು ಇದೆ ಅಂತಲೇ ಲೆಕ್ಕ.

ಸ್ವಲ್ಪ ದಿನಕ್ಕೆ ನಮ್ಮ ಪೇಜ್ ನೆರೆ ಬಂದ ಹಳ್ಳದಂತೆ ಉಬ್ಬಿತು. ಬೆಳಿಗ್ಗೆ ನೋಡಿದರೆ ಹತ್ತುಪಟ್ಟು ಜನ. ಖುಷಿಯಿಂದ ಯಾರಿವರು ಅಂತ ತೆರೆದೆ. ಮುಖವಿಲ್ಲ, ಊರಿಲ್ಲ, ಹೆಸರಿನ ತುಂಬ ಅಂಕಿಗಳು. ನಾಸಿಕ, ವಿಜಾಪುರ ಇರುತ್ತಿದ್ದ ಊರುಗಳ ಪಟ್ಟಿಯಲ್ಲಿ ಈಗ ನಾನು ಕೇಳದ ದೇಶಗಳು.

“ನೀಲಾ, ಇವ್ರು ಯಾರ? ಜೋಳದ ರೊಟ್ಟಿ ನೋಡಾಕ ಬ್ರೆಜಿಲಿನಿಂದ ಬಂದಾರೇನು?”

“ಸಮೀರಗ ಹೇಳಿ ತರಿಸೀನಿ,” ಅಂದಳು ಕಣ್ಣು ಎತ್ತದೆ. ಸಮೀರ ಅಂದರೆ ಕಾಲೇಜ್ ರೋಡಿನಲ್ಲಿ ಮಾರ್ಕೆಟಿಂಗ್ ಆಫೀಸು ಇಟ್ಟುಕೊಂಡವನು. ಫಾಲೋವರ್ಸ್, ಲೈಕ್, ಕಮೆಂಟ್ ಎಲ್ಲ ಕಟ್ಟು ಕಟ್ಟಿ ಮಾರುತ್ತಾನೆ. “ಎಲ್ಲಾರೂ ತಗೋತಾರ ಅಕ್ಕಾ. ನಿಂಗ ಗೊತ್ತಿಲ್ಲ.”

ನನಗೆ ಗೊತ್ತಾದದ್ದು ಬೇರೆ. ಮುಂದಿನ ರೊಟ್ಟಿ ವಿಡಿಯೊ ನೋಡಿದವರು ಅರ್ಧಕ್ಕರ್ಧ ಕಡಿಮೆ. ಇನ್‌ಸ್ಟಾದವರು ಪೇಜಿನ ವಿಡಿಯೊವನ್ನು ಮೊದಲು ಕೆಲವು ಫಾಲೋವರ್ಸ್‌ಗೆ ತೋರಿಸಿ, ಅವರು ನೋಡಿ ಮೆಚ್ಚಿದರೆ ಇನ್ನಷ್ಟು ಜನರಿಗೆ ದಾಟಿಸುತ್ತಾರಂತೆ. ಕೊಂಡು ತಂದ ಈ ಹೆಣಗಳು ನೋಡುವುದೂ ಇಲ್ಲ, ಮೆಚ್ಚುವುದೂ ಇಲ್ಲ. ನಮ್ಮ ನಿಜವಾದ ಹೆಣ್ಣುಮಕ್ಕಳು “ಅಕ್ಕಾರ, ವಿಡಿಯೊ ಹಾಕೂದು ಬಿಟ್ರೇನು?” ಅಂತ ಕೇಳತೊಡಗಿದರು. ನೀಲಾಳಿಗೆ ತೋರಿಸಿದೆ. ಅವಳು ಸಮೀರನಿಂದ ಕಮೆಂಟುಗಳನ್ನೂ ತರಿಸಿದಳು.

ಮಧುಕರ ಸೇಠನಿಗೆ ಆ ದೊಡ್ಡ ಸಂಖ್ಯೆ ಸಾಕಾಯಿತು. ನಮ್ಮನ್ನು ಕರೆಸಿದ. ಗುಲಮಂಡಿಯ ಹತ್ತಿರದ ಅಂಗಡಿ, ಬಿಳಿ ಹಾಸಿಗೆಯ ಗಾದಿ, ಚಹಾ, ಚಿವಡಾ. ಮಾತು ಮುಗಿದ ಮೇಲೆ ಅವನ ಹೆಂಡತಿ ಮೃಣಾಲಿನಿ ನಮ್ಮಿಬ್ಬರನ್ನೂ ಮಣೆಯ ಮೇಲೆ ಕೂಡಿಸಿದಳು. ಕುಂಕುಮ ಹಚ್ಚಿದಳು. ನೀಲಾಳ ಸೆರಗು ಹಿಡಿದು ಅದರಲ್ಲಿ ಗೋಧಿ, ತೆಂಗಿನಕಾಯಿ, ಮೇಲೊಂದು ಯೇವಲಾದ ಕೈಮಗ್ಗದ ಪೈಠಣಿ ಹಾಕಿದಳು. ನನಗೆ ಒಂದು ಜಂಪರ ಬಟ್ಟೆ. ಅವರು ಓಟಿ ಅಂತಾರೆ, ನಾವು ಉಡಿ ತುಂಬುವುದು ಅಂತೇವೆ. ನೀಲಾ ಆ ಸೀರೆ ಕಣ್ಣಿಗೊತ್ತಿಕೊಂಡಳು. ಹಸಿರು ಮೈ, ಕೆಂಪು ಸೆರಗು, ಸೆರಗಿನ ತುಂಬ ನವಿಲು. ನಾನು ಸುಳ್ಳು ಹೇಳುವುದಿಲ್ಲ, ನನ್ನ ಜೀವವೂ ಅದರ ಮೇಲೆ ಹೋಯಿತು.

ಮನೆಗೆ ಬಂದು ವಿಡಿಯೊ ಮಾಡುವಾಗ ಜಗಳ ಹತ್ತಿತು.

“ಮೊದ್ಲ ಹೇಳು, ಅಂಗಡಿಯವ್ರು ಕೊಟ್ಟ ಸೀರಿ ಅಂತ.”

“ಅಕ್ಕಾ, ಉಡಿ ತುಂಬಿದ್ದಕ್ಕ ಜಾಹೀರಾತ ಅಂತಾರೇನು? ತವರ ಮನ್ಯಾಗ ಉಡಿ ತುಂಬಿದ್ರ ಡಂಗುರ ಹೊಡೀತಿಯೇನು ನೀ? ಅದು ದೇವರ ಪ್ರಸಾದ ಇದ್ದಂಗ.”

“ಅವ ನಿನ್ನ ತವರ ಮನಿಯವನೇನು? ವಿಡಿಯೊ ಮಾಡಂಗಿಲ್ಲ ಅಂದಿದ್ರ ಉಡಿ ತುಂಬತಿದ್ದನೇನು?”

“ನಿಂಗ ಬರೇ ಜಂಪರ ಪೀಸ್ ಬಂತು, ಅದಕ್ಕ ಹೊಟ್ಟಿ ಉರಿ.”

ನನಗೆ ಮೈ ಉರಿದುಹೋಯಿತು. ಫೋನ್ ಅವಳ ಕೈಯಲ್ಲಿಟ್ಟು ಒಳಗೆ ಹೋದೆ. ವಿಡಿಯೊ ಅವಳೇ ಮಾಡಿಕೊಂಡಳು. “ನಾ ಆಸೆಪಟ್ಟು ತಗೊಂಡ ಸೀರಿ ನೋಡ್ರವಾ, ಖರೇ ಕೈಮಗ್ಗದ್ದು, ಕಣ್ಣ ಮುಚ್ಚಿ ತಗೋರಿ, ಇದೇ ಅಂಗಡಿ” ಅಂತ ನಕ್ಕಳು. ಕೆಳಗಿನ ಬರಹದ ಕೊನೆಯಲ್ಲಿ, ಹ್ಯಾಷ್‌ಟ್ಯಾಗುಗಳ ಗುಡ್ಡದ ಅಡಿಯಲ್ಲಿ, ಇಂಗ್ಲಿಷಿನಲ್ಲಿ ‘ಆ್ಯಡ್’ ಅಂತ ಎರಡಕ್ಷರ ಹಾಕಿದ್ದಳು. ನನ್ನ ಬಾಯಿ ಮುಚ್ಚಿಸಲಿಕ್ಕೆ. ಕೇಳುವವರಲ್ಲಿ ಬಹಳ ಮಂದಿ ಕನ್ನಡದ ಅಕ್ಷರವನ್ನೇ ಓದಲಾರದವರು! ಜೊತೆಗೆ ಒಂದು ಗಿವ್‌ಅವೇ: ನಮ್ಮದು, ಅಂಗಡಿಯದು ಎರಡೂ ಪೇಜ್ ಫಾಲೋ ಮಾಡಿ ಕಮೆಂಟ್ ಹಾಕಿದವರಲ್ಲಿ ಒಬ್ಬರಿಗೆ ಪೈಠಣಿ ಪುಕ್ಕಟೆ, ಹೆಸರು ಅಂಗಡಿಯಿಂದಲೇ ಲೈವ್‌ನಲ್ಲಿ ಎತ್ತುವುದು.

ಅದನ್ನು ನೋಡಿ ಸೀರೆ ಕೊಂಡವಳು ಚನಬಸವ್ವ. ಪಾಥರ್ಡಿ ಕಡೆ ಕಟ್ಟಡದ ಕೆಲಸ ಮಾಡುತ್ತಾಳೆ. ಅವಳ ಮಗಳು ರುಚಿತಾಳ ಮದುವೆ ಗೊತ್ತಾಗಿತ್ತು. ಬೀಗತಿಗೆ ಕೊಡಲು ಒಂದು ಚೆಂದದ ಸೀರೆ ಬೇಕಿತ್ತು. ನೀಲಮ್ಮ ತನ್ನ ಕೈಯಾರೆ ಕೊಂಡದ್ದಂದರೆ ಇನ್ನೇನು ನೋಡುವುದು ಅಂತ ಅದೇ ಅಂಗಡಿಗೆ ಆರ್ಡರ್ ಕೊಟ್ಟಳು.

ಒಂದು ಮಧ್ಯಾಹ್ನ ಅವಳು ಸೀರೆಯ ಚೀಲ ಹಿಡಿದು ನಮ್ಮ ಮನೆಗೆ ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು.

“ಅಕ್ಕಾರ, ನಮ್ಮ ಬೀಗತಿ ಇಳಕಲ್ಲಿನ ಮಗ್ಗದ ಮನಿಯಾಕಿ. ಸೀರಿ ಕೈಯಾಗ ಹಿಡದಾಕಿನ ಸೆರಗ ಹಿಂದ ಹೊಳ್ಳಿಸಿ ನೋಡಿದ್ಲರಿ.” ಸೆರಗನ್ನು ನನ್ನೆದುರು ತಿರುವಿದಳು. ಮುಂದೆ ನವಿಲು, ಹಿಂದೆ ಕತ್ತರಿಸಿದ ಎಳೆಗಳ ಜೊಂಪೆ. ಕೈಮಗ್ಗದ ಪೈಠಣಿಗೆ ಎರಡೂ ಮುಖ ಒಂದೇ ಇರುತ್ತದೆ. ಇದು ಮಷೀನಿನದು. “ಎಲ್ಲಾರ ಮುಂದ ಅಂದ್ಲರಿ, ‘ಸೀರಿ ವಿಷಯದಾಗ ಸುಳ್ಳ ಹೇಳಿದವ್ರು ಹುಡುಗಿ ವಿಷಯದಾಗ ಖರೇ ಹೇಳಿರ್ತೀರೇನು’ ಅಂತ. ನನ್ನ ಮಗಳ ಲಗ್ನ ನಿಂತು ಬಿಟ್ಟದರಿ.”

ನೀಲಾ ಒಳಗಿನಿಂದ ಬಂದಳು. “ನಂದು ಕೈಮಗ್ಗದ್ದ ಐತಿ ಚನಬಸವ್ವ. ನಿಂಗ ಅವ್ರು ಬ್ಯಾರೇ ಕಳಿಸಿದ್ರ ನಾ ಏನ್ ಮಾಡ್ಲಿ?”

“ನೀವು ರೊಕ್ಕ ಕೊಟ್ಟ ತಗೊಂಡ್ರೇನ್ರಿ ನೀಲಮ್ಮಾರ?”

ನೀಲಾ ಕೈಯಲ್ಲಿದ್ದ ಫೋನಿನ ಪರದೆ ಒರೆಸತೊಡಗಿದಳು.

“ನಂಗ ಸೀರಿ ಬ್ಯಾಡರಿ, ರೊಕ್ಕಾನೂ ಬ್ಯಾಡ. ನಮ್ಮ ಬೀಗತಿ ನಿಮ್ಮ ಪೇಜ್ ನೋಡ್ತಾಳ. ನಾ ಸುಳ್ಳ ಹೇಳಿಲ್ಲ, ನಿಮ್ಮ ಮಾತ ನಂಬಿ ತಂದೆ ಅಂತ ಒಂದ ಮಾತ ಬಾಯಿ ಬಿಟ್ಟ ಹೇಳ್ರಿ. ಅಷ್ಟ ಸಾಕು.”

“ಒಬ್ಬಾಕಿ ಸಲುವಾಗಿ ನನ್ನ ಪೇಜ್ ಹಾಳ ಮಾಡ್ಕೊಳ್ಳೇನು?” ಅಂದಳು ನೀಲಾ. ‘ನಮ್ಮ’ ಪೇಜ್ ಅನ್ನಲಿಲ್ಲ, ‘ನನ್ನ’ ಅಂದಳು. ಗಿವ್‌ಅವೇ ಮುಗಿಯಲಿ, ಮುಂಬಯಿಯ ದೊಡ್ಡ ಆಭರಣದವರು ನೋಡುತ್ತಿದ್ದಾರೆ, ಈಗ ಬಾಯಿ ಬಿಟ್ಟರೆ ಎಲ್ಲ ಮುಗಿಯಿತು ಅಂತ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚನಬಸವ್ವ ಮೆಟ್ಟಿಲ ಮೇಲೆ ಕೂತು ಅತ್ತಳು. ಆ ಹೊತ್ತಿನಲ್ಲಿ ನನಗೆ ನೀಲಾಳ ಮೇಲೆ ಬಂದದ್ದು ಬರೀ ಸಿಟ್ಟಲ್ಲ, ಹೇಸಿಗೆ.

ಗಿವ್‌ಅವೇ ದಿನ ಸೇಠ ನೀಲಾಳಿಗೆ ಕಾರು ಕಳಿಸಿದ. ಅವಳು ಹಸಿರು ಪೈಠಣಿ ಉಟ್ಟು, ಮೂಗಿಗೆ ನತ್ತು ಇಟ್ಟು ಹೋದಳು. ನಾನು ಆ ಕಾರು ಹತ್ತಲಿಲ್ಲ. ಚನಬಸವ್ವನನ್ನು ಕರೆದುಕೊಂಡು ಕೆಂಪು ಬಸ್ಸಿನಲ್ಲಿ ಹೋದೆ. ಅವಳು ದಾರಿಯುದ್ದಕ್ಕೂ ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಯೇವಲಾ ಸ್ಟ್ಯಾಂಡಿನಲ್ಲಿ ಎದುರಿನ ಪೈಠಣಿ ಬೋರ್ಡುಗಳನ್ನು ತೋರಿಸಿ ಏನು ಬರೆದದ ಅಂತ ಕೇಳಿದಳು. ನಾನು ಹೇಳಿದೆ.

ಅಂಗಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ ನೀಲಾಳ ಮುಖ ಹುಳ್ಳಗಾಯಿತು. “ಈಕಿನ್ನ ಯಾಕ ಕರಕೊಂಡ ಬಂದಿ?”

“ಸೀರಿ ಹೊಳ್ಳಿ ಕೊಡಾಕ ಬಂದಾಳ.”

ಮಧುಕರ ಸೇಠ ಸೀರೆಯತ್ತ ಒಮ್ಮೆ ನೋಡಿ, ಮಾರಿದ ಮಾಲು ವಾಪಸ್ ಇಲ್ಲ, ಯಾರ ಮಾತು ಕೇಳಿ ಕೊಂಡಿರೋ ಅವರನ್ನೇ ಕೇಳಿ ಅಂತ ಮರಾಠಿಯಲ್ಲಿ ಅಂದು ನೀಲಾಳತ್ತ ಬೆರಳು ತೋರಿಸಿದ. ಚನಬಸವ್ವ ಗಾದಿಯ ತುದಿಯಲ್ಲಿ ಕೂತಳು. ಹೋಗು ಅಂದರೂ ಹೋಗಲಿಲ್ಲ.

ಫೋನ್ ಯಾವಾಗಲೂ ಹಿಡಿಯುವವಳು ನಾನೇ ಆದ್ದರಿಂದ ನೀಲಾ ಹಲ್ಲು ಕಚ್ಚಿಕೊಂಡು ನನ್ನ ಕೈಗೇ ಕೊಟ್ಟಳು. ಲೈವ್ ಶುರುವಾಯಿತು. ನಮ್ಮ ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಂದು ಸೇರಿದರು. ನೀಲಾ ನಕ್ಕಳು. ಮೃಣಾಲಿನಿ ಲ್ಯಾಪ್‌ಟಾಪಿನಲ್ಲಿ ಎಲ್ಲ ಕಮೆಂಟುಗಳಿಂದ ಒಂದು ಹೆಸರು ಎತ್ತುವ ಆ್ಯಪ್ ಒತ್ತಿದಳು.

ಬಂದ ಹೆಸರಿನಲ್ಲಿ ಅರ್ಧ ಅಂಕಿಗಳು. ಕಮೆಂಟು ‘ನೈಸ್ ಪಿಕ್ ಡಿಯರ್’. ತೆರೆದರೆ ಫೋಟೊ ಇಲ್ಲ, ಪೋಸ್ಟ್ ಇಲ್ಲ. ನೀಲಾ “ಇದು ಏನೋ ತಪ್ಪಾತು, ಇನ್ನೊಮ್ಮೆ” ಅಂದಳು. ಇನ್ನೊಮ್ಮೆ ಒತ್ತಿದರೆ ಅದೇ ಜಾತಿಯ ಇನ್ನೊಂದು. ಮೂರನೆಯದೂ ಹಾಗೇ. “ಇವ್ರು ಯಾರ್ರಿ?” “ನಾವೆಲ್ಲಾ ಕಮೆಂಟ್ ಹಾಕೀವಲ್ರಿ” ಅಂತ ಪರದೆಯ ಮೇಲೆ ಬರೆಯಬಲ್ಲವರ ಕನ್ನಡ ಏರತೊಡಗಿತು. ನಿಜವಾದ ಹೆಣ್ಣುಮಕ್ಕಳ ಕಮೆಂಟುಗಳು ಸಮೀರನ ಆ ಕಸದಲ್ಲಿ ಮುಚ್ಚಿಹೋಗಿದ್ದವು.

ಸೇಠ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡ. ಒಂದೊಂದೇ ಹೆಸರು ತೆರೆದು ನೋಡಿದ. ಅವನಿಗೆ ಗುಟ್ಟು ತಿಳಿಯುತ್ತಿದೆ ಅಂತ ನೀಲಾಳಿಗೂ ಅರ್ಥವಾಯಿತು. ಅವಳು ಥಟ್ಟನೆ ನನ್ನ ಫೋನಿನತ್ತ ತಿರುಗಿ, ಮುಖದ ತುಂಬ ನಗು ತಂದುಕೊಂಡು ಕೂಗಿದಳು: “ಹೆಸರ ಬಂತು ನೋಡ್ರಿ! ನಮ್ಮ ಚನಬಸವ್ವನ ಮಗಳು ರುಚಿತಾ! ಪೈಠಣಿ ರುಚಿತಾಗ!”

ರುಚಿತಾ ಕಮೆಂಟೇ ಹಾಕಿರಲಿಲ್ಲ. ಒಂದು ಸೀರೆ ಎಸೆದರೆ ಚನಬಸವ್ವ ಸುಮ್ಮನಾಗುತ್ತಾಳೆ, ಆಟ ಮುಗಿಯುತ್ತದೆ ಅಂತ ನೀಲಾಳ ಲೆಕ್ಕ. ಚನಬಸವ್ವ ಗಾಬರಿಯಿಂದ ನನ್ನ ಮುಖ ನೋಡಿದಳು.

ಸೇಠ ಎದ್ದು ನಿಂತ. ಲೈವ್ ನಡೆಯುತ್ತಿದ್ದುದನ್ನು ಮರೆತನೋ, ಮರೆಯುವಷ್ಟು ಸಿಟ್ಟು ಬಂದಿತ್ತೋ. ಹಿಂದಿಯಲ್ಲೇ ಕೂಗಿದ. ಹಿಂದಿ ನಮ್ಮ ಹೆಣ್ಣುಮಕ್ಕಳಿಗೆಲ್ಲ ತಿಳಿಯುತ್ತದೆ. “ಯಾರಪ್ಪನ ಸೀರೆ ಹಂಚುತ್ತಿ? ನಿನ್ನ ಫಾಲೋವರ್ಸ್ ಎಲ್ಲ ಖೊಟ್ಟಿ! ಮೊದಲು ನೀನು ಉಟ್ಟಿರುವ ನನ್ನ ಸೀರೆ ಬಿಚ್ಚಿಕೊಟ್ಟು ಹೋಗು. ಪೋಸ್ಟ್ ಹಾಕಲಿಕ್ಕೆ ಕೊಟ್ಟ ಸೀರೆ ಅದು.”

“ಅಹೋ, ಓಟಿ ತುಂಬಿದ ಸೀರೆ,” ಅಂತ ಮೃಣಾಲಿನಿ ಅವನ ತೋಳು ಹಿಡಿದಳು.

“ಎಂಥ ಓಟಿ! ಜಾಹೀರಾತಿನ ಪಟ್ಟಿ ಹಚ್ಚಬಾರದು ಅಂತ ತಾನೇ ಓಟಿ ತುಂಬಿಸಿದ್ದು!”

“ಅಕ್ಕಾ, ಬಂದ್ ಮಾಡ!” ನೀಲಾ ಚೀರಿದಳು. “ಫೋನ್ ಬಂದ್ ಮಾಡ ಅಕ್ಕಾ!”

ನಾನು ಮಾಡಲಿಲ್ಲ. ತೋಳು ಕೂಡ ಇಳಿಸಲಿಲ್ಲ. ಬೇಕಂತಲೇ ಮಾಡಲಿಲ್ಲ, ಅದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

ಚನಬಸವ್ವ ಮೆಲ್ಲಗೆ ಎದ್ದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ನಂಬಲಿಕ್ಕೆ ಆಗಿರಲಿಲ್ಲ ಅಷ್ಟೆ. “ಉಡಿ ತುಂಬಿದ್ದನ್ನ ಯಾರರ ಹೊಳ್ಳಿ ಕೇಳ್ತಾರೇನ್ರಿ ಅಕ್ಕಾರ?” ಅಂತ ನನ್ನನ್ನು ಕೇಳಿದಳು. “ಹೊಳ್ಳಿ ಕೇಳಿದ್ರ ಅದು ಉಡಿ ಹೆಂಗಾತರಿ?”

ನೀಲಾ ಗೋಡೆಗೆ ಆತು ನಿಂತಳು. ಅವಳ ಮುಖದ ಮೇಲೆ ಆ ಪ್ರಶ್ನೆಗೆ ಉತ್ತರ ಎಲ್ಲರಿಗೂ ಕಾಣುತ್ತಿತ್ತು, ಫೋನಿನಲ್ಲಿ ನೋಡುವವರಿಗೂ. ಮೃಣಾಲಿನಿ ತಲೆ ತಗ್ಗಿಸಿ ಒಳಗಿನ ಬಟ್ಟೆ ಬದಲಿಸುವ ಕೋಣೆಯ ಪರದೆ ಸರಿಸಿದಳು. ಆಗ ನಾನು ಲೈವ್ ನಿಲ್ಲಿಸಿದೆ.

ಕೋಣೆಯಿಂದ ಪೈಠಣಿ ಹೊರಗೆ ಬಂತು. ನೀಲಾ ಬರಲಿಲ್ಲ. ಉಡಲು ಬೇರೆ ಸೀರೆ ಇರಲಿಲ್ಲ. ಸೇಠನ ಕಪಾಟುಗಳ ತುಂಬ ಸೀರೆ, ಆದರೆ ಕೊಡು ಅಂತ ಕೇಳುವ ಬಾಯಿ ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ. ಚನಬಸವ್ವ ತನ್ನ ಚೀಲವನ್ನು ಪರದೆಯ ಕೆಳಗಿನಿಂದ ಒಳಗೆ ತಳ್ಳಿದಳು.

“ಇದನ್ನ ಉಟ್ಕೋರಿ ನೀಲಮ್ಮಾರ. ಹ್ಯಾಂಗೂ ಇವ್ರು ಹೊಳ್ಳಿ ತಗೊಳ್ಳಿಲ್ಲ.”

ಸೇಠನ ಕಾರು ಈಗ ನಮ್ಮದಾಗಿರಲಿಲ್ಲ. ಮೂವರೂ ಬಸ್ಸಿನಲ್ಲಿ ಹೊರಟೆವು. ನೀಲಾ ಕಿಟಕಿಯ ಪಕ್ಕ, ನಾನು ನಡುವೆ, ಈ ಬದಿಗೆ ಚನಬಸವ್ವ. ವೈಜಾಪುರ ದಾಟುವಾಗ ಚನಬಸವ್ವನ ಫೋನಿಗೆ ಬೀಗತಿಯ ಧ್ವನಿ ಬಂತು. ಅವಳು ಎಲ್ಲರಿಗೂ ಕೇಳುವಂತೆ ಹಚ್ಚಿದಳು, ಬೇರೆ ರೀತಿ ಹಚ್ಚಲು ಅವಳಿಗೆ ಬರುವುದಿಲ್ಲ: “ಎಲ್ಲಾ ನೋಡಿದ್ನೆವಾ. ನಿಂದೇನೂ ತಪ್ಪಿಲ್ಲ. ಲಗ್ನದ ಕೆಲಸ ಮುಂದುವರಸ್ರಿ. ಆದ್ರ ಆ ನೀಲಮ್ಮನ್ನ ಮಾತ್ರ ಕರೀಬ್ಯಾಡ್ರಿ.”

ನೀಲಾ ಕೇಳಿಸಿಕೊಂಡಳು. ಅವಳು ಫೋನ್ ಹಿಡಿದು ಪೇಜನ್ನೇ ನೋಡುತ್ತಿದ್ದಳು. ಫಾಲೋವರ್ಸ್ ಇಳಿಯುತ್ತಿದ್ದರು. ಬಿಟ್ಟು ಹೋಗುತ್ತಿದ್ದವರೆಲ್ಲ ನಮ್ಮ ಹೆಣ್ಣುಮಕ್ಕಳು. ಕೊಂಡು ತಂದವರಲ್ಲಿ ಒಬ್ಬರೂ ಕದಲಲಿಲ್ಲ. ಮುಂದೆ ಒಂದು ದಿನ ಇನ್‌ಸ್ಟಾ ಕಂಪನಿಯವರೇ ಖೊಟ್ಟಿ ಖಾತೆಗಳನ್ನು ಗುಡಿಸಿದಾಗ ಅವರೂ ಹೋದರು, ಪೇಜಿನಲ್ಲಿ ಉಳಿದದ್ದು ನಾವಿಬ್ಬರು ಮತ್ತು ಗಿರಣಿಯವನು.

ಯೇವಲಾದಲ್ಲಿ ಬಸ್ಸು ನಿಂತಿತು. ಒಬ್ಬ ವಯಸ್ಸಾದ ಹೆಂಗಸು ಹತ್ತಿ ಮುಂದಿನ ಸೀಟಿನಲ್ಲಿ ಕೂತು, ಹಿಂದೆ ತಿರುಗಿ ನೀಲಾಳ ಸೆರಗಿನ ನವಿಲು ನೋಡಿ, “ಛಾನ್ ಆಹೆ ಗ ಬಾಯಿ, ಚೆಂದ ಇದೆ! ಎಲ್ಲಿ ತಗೊಂಡಿ?” ಅಂತ ಮರಾಠಿಯಲ್ಲಿ ಕೇಳಿದಳು. ಸೆರಗು ಹಿಡಿದು ನೋಡಲು ಕೈ ಚಾಚಿದಳು.

ನೀಲಾ ರೂಢಿಯಂತೆ ನಗಲು ಹೊರಟಳು. ತುಟಿ ಅರ್ಧಕ್ಕೆ ನಿಂತಿತು. ಅವಳ ಕೈಬಳೆಗೆ ಸೆರಗಿನ ಹಿಂದಿನ ಎಳೆ ಸಿಕ್ಕಿಕೊಂಡಿತ್ತು. ಅವಳು ಅದನ್ನು ಬಿಡಿಸಿಕೊಳ್ಳದೆ ನಮ್ಮಿಬ್ಬರತ್ತ ತಿರುಗದೆ ಆ ಮುದುಕಿಯ ಮುಖವನ್ನೇ ನೋಡಿದಳು.

“ನಾನು ಕೊಂಡದ್ದಲ್ಲ ಆಜಿ,” ಅಂದಳು ಮರಾಠಿಯಲ್ಲಿ. “ಮಷೀನಿನದು. ಹಿಂದೆ ತಿರುಗಿಸಿ ನೋಡಿ.”